ಸಹಾಯ ಬೇಕು: ಹಳಿ ತಪ್ಪಿದ ಕೋಲ್ಡ್ ಸ್ಟೋರೇಜ್ ಕೆಲಸ, ಹೊಸ ಬೇಸ್‌ಲೈನ್ ಹೇಗೆ ಹಾಕಲಿ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹತ್ತಿರ ಒಣದ್ರಾಕ್ಷಿ ಇಡಲು ನಾಲ್ಕು ಚೇಂಬರಿನ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಿದ್ದೇವೆ. ಬಜೆಟ್ 2 ಕೋಟಿ. ಫೆಬ್ರವರಿ ಕೊನೆಗೆ ಮುಗಿಯಬೇಕು.

ಪ್ಲಾನ್ ಪ್ರಕಾರ ಇಷ್ಟೊತ್ತಿಗೆ 60% ಆಗಬೇಕಿತ್ತು. ಆಗಿದ್ದು 40%, ಅಂದರೆ 80 ಲಕ್ಷದ ಕೆಲಸ. ಖರ್ಚಾಗಿದ್ದು 1 ಕೋಟಿ. ಇದೇ ಲೆಕ್ಕದಲ್ಲಿ ಹೋದರೆ ಕೊನೆಗೆ 2.5 ಕೋಟಿ ಆಗುತ್ತದೆ.

ಎರಡನೇ ಪಾಳಿ ಹಾಕಿ ನೋಡಿದೆ. ಕೂಲಿ ಏರಿತು, ಕೆಲಸ ಏರಲಿಲ್ಲ. ಎರಡು ಸಲ ಶೀಟ್‌ನಲ್ಲಿ ಸುಮ್ನೆ ತಾರೀಖು ಮುಂದೆ ಹಾಕಿದೆ. ಅದು ನನ್ನದೇ ತಪ್ಪು. ರಿಪೋರ್ಟ್ ಹಸಿರಾಗೇ ಕಾಣುತ್ತಿದ್ದರಿಂದ ಸಾಹುಕಾರರಿಗೆ ಇನ್ನೂ ವಿಷಯ ಗೊತ್ತಿಲ್ಲ.

ತಾರೀಖು ಮುಂದೆ ಹಾಕಿದರೆ ಈ ಸಲದ ದ್ರಾಕ್ಷಿ ಹಂಗಾಮು ಕೈತಪ್ಪುತ್ತದೆ, ಒಂದು ವರ್ಷದ ಬಾಡಿಗೆ ಹೋಯಿತು. ಹಾಗಾಗಿ ಎರಡೇ ಚೇಂಬರ್ ಈಗ ಮುಗಿಸಿ, ಉಳಿದೆರಡನ್ನು ಮುಂದಿನ ಹಂತಕ್ಕೆ ಬಿಡೋಣ ಅನ್ನಿಸುತ್ತಿದೆ. ಆದರೆ ಖರ್ಚು ಅರ್ಧ ಆಗಲ್ಲ. ಕಂಪ್ರೆಸರ್, ಟ್ರಾನ್ಸ್‌ಫಾರ್ಮರ್ ಹೇಗೂ ಬೇಕು, ನಾಲ್ಕಕ್ಕೂ ಪ್ಯಾನೆಲ್ ಬಂದು ಬಿದ್ದಿವೆ. ನನ್ನ ಅಂದಾಜು 2.1 ಕೋಟಿ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ: ಹೊಸ ಬೇಸ್‌ಲೈನ್ ಹಾಕಿದಾಗ ಹಳೆಯ 20 ಲಕ್ಷದ ಹೆಚ್ಚುವರಿ ಖರ್ಚನ್ನು ಸೊನ್ನೆ ಮಾಡಿ ಶುರು ಮಾಡಬೇಕಾ, ಅಥವಾ ಹಳೆಯ ಬೇಸ್‌ಲೈನನ್ನೂ ಪಕ್ಕದಲ್ಲೇ ತೋರಿಸುತ್ತಾ ಹೋಗಬೇಕಾ? ಸೊನ್ನೆ ಮಾಡಿದರೆ ಮುಚ್ಚಿಟ್ಟ ಹಾಗೆ ಕಾಣಲ್ವಾ?

ಮತ್ತೆ, ಸಾಹುಕಾರರಿಗೆ ಈಗಲೇ ಹೇಳಲಾ, ಇಲ್ಲಾ ಗುತ್ತಿಗೆದಾರರಿಂದ ಹೊಸ ದರ ಬಂದ ಮೇಲಾ? ಮಾಡಿದವರು ಯಾರಾದರೂ ಇದ್ದರೆ ತಿಳಿಸಿ.