Screen ಎಂದರೆ ‘ಪರದೆ’ಯೇ?

ಮಳೆ ನಿಂತ ಮೇಲೆ ತೆಗೆದ ಬಯಲಿನ ಚಿತ್ರಕ್ಕೆ ಮಳೆಬಿಲ್ಲು ಸೇರಿಸುವ ಫೋಟೊಶಾಪ್ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಸ ಪದರಕ್ಕೆ ಕಪ್ಪು ತುಂಬಿ, ಅದರ ಮೇಲೆ ವೃತ್ತಾಕಾರದ ಗ್ರೇಡಿಯಂಟ್‌ನಿಂದ ಬಣ್ಣದ ಪಟ್ಟಿ ಎಳೆದು, ಪದರ ಕೆಳಗಿನ ಚಿತ್ರದೊಂದಿಗೆ ಬೆರೆಯುವ ಬಗೆಯನ್ನು ನಿರ್ಧರಿಸುವ ಬ್ಲೆಂಡ್ ಮೋಡ್ ಅನ್ನು Screen ಮಾಡಬೇಕು. ನಾನು ‘ಪರದೆಗೆ ಬದಲಿಸಿ’ ಎಂದು ಬರೆದೆ. ಕರಡು ಓದಿದ ಗೆಳತಿ, ‘ಪರದೆ ಎಳೆದರೆ ಬಿಲ್ಲು ಮರೆಯಾಗುವುದಿಲ್ಲವೇ?’ ಎಂದು ಕೇಳಿದಳು. ಬೇರೆ ಪದವಿದೆಯೇ?

ಉತ್ತರ 1:
‘ಕೂಡಿಕೆ’ ಎನ್ನಿ. ಬಿಲ್ಲಿನ ಬೆಳಕು ಆಕಾಶದ ಬೆಳಕಿಗೆ ಕೂಡುತ್ತದೆ, ಅಷ್ಟೇ. ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಉತ್ತರ 2:
ತಲೆ ಸ್ವಲ್ಪ ಕೆಡಿಸಿಕೊಳ್ಳಲೇಬೇಕು ಸರ್. ಇದು ಕಿಟಕಿಯ ಪರದೆಯಲ್ಲ, ಸಿನಿಮಾದ ತೆರೆ. ಒಂದೇ ತೆರೆಯ ಮೇಲೆ ಎರಡು ಪ್ರೊಜೆಕ್ಟರುಗಳಿಂದ ಎರಡು ಸ್ಲೈಡುಗಳನ್ನು ಬಿಟ್ಟಂತೆ ಎಂದುಕೊಳ್ಳಿ. ಸ್ಲೈಡಿನ ಕಪ್ಪು ಭಾಗದಿಂದ ಬೆಳಕೇ ಬಾರದು. ಆದ್ದರಿಂದಲೇ ಪದರದ ಕಪ್ಪು ಕರಗಿಹೋಗಿ ಬಣ್ಣವಷ್ಟೇ ಉಳಿಯುತ್ತದೆ.

ಆದರೆ ‘ಕೂಡಿಕೆ’ ಅರ್ಧ ಮಾತ್ರ ಸರಿ. ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ 128ಕ್ಕೆ 128 ಕೂಡಿದರೆ 255ನ್ನು ದಾಟಿ ಬಿಳಿಯಾಗುತ್ತದೆ. ಹಾಗೆ ಮಾಡುವುದು Linear Dodge (Add). Screen ಗುಣಿಸುವುದು ಬೆಳಕನ್ನಲ್ಲ, ಬೆಳಕಿನ ಕೊರತೆಯನ್ನು. ಎರಡರಲ್ಲೂ ಅರ್ಧ ಕೊರತೆಯಿದ್ದರೆ ಅರ್ಧದ ಅರ್ಧ, ಅಂದರೆ ಕಾಲುಭಾಗ ಕೊರತೆ ಉಳಿಯುತ್ತದೆ. ಬೆಲೆ 192ರ ಸುಮಾರಿಗೆ ನಿಲ್ಲುತ್ತದೆ. ಬಿಲ್ಲು ಸುಟ್ಟಂತೆ ಕಾಣದೆ ಮೆದುವಾಗಿ ಕೂರುವುದು ಇದರಿಂದ.

ಉತ್ತರ 3:
ಪದದ ವಿಷಯ ಇರಲಿ, ನನ್ನ ಕಥೆ ಕೇಳಿ. Screen ಮಾಡಿದ ಕೂಡಲೇ ಬಿಲ್ಲಿನ ಅರ್ಧ ಮಾಯವಾಯಿತು! ಹಿಂದೆ ಬೆಳ್ಳಗಿನ ಮೋಡವಿತ್ತು. ಅಪಾರದರ್ಶಕತೆ 100ಕ್ಕೆ ಏರಿಸಿದರೂ ಬರಲಿಲ್ಲ. ಗೆಳತಿ ಹೇಳಿದ ‘ಮರೆಮಾಡುವ ಪರದೆ’ಯೇ ಸರಿಯಿರಬಹುದು.

ಉತ್ತರ 2:
ಬಿಳಿಯಲ್ಲಿ ಕೊರತೆಯೇ ಇಲ್ಲ ಮೇಡಂ, ಏನು ಸೇರಿಸಿದರೂ ಅದು ಬಿಳಿಯೇ. ಬಿಲ್ಲನ್ನು ಕಪ್ಪು ಮೋಡದ ಕಡೆಗೆ ಸರಿಸಿ, ಅಪಾರದರ್ಶಕತೆಯನ್ನು 40ರ ಆಸುಪಾಸಿಗೆ ಇಳಿಸಿ, Gaussian Blur ಹಾಕಿ ಅಂಚು ಮೃದುಗೊಳಿಸಿ. ಕೆಂಪು ಹೊರಗಿರಲಿ; ಪಟ್ಟಿ ತಿರುಗುಮುರುಗಾದರೆ ಬಲ್ಲವರ ಕಣ್ಣಿಗೆ ಮೊದಲು ಬೀಳುವುದು ಅದೇ. ಇನ್ನೊಂದು ಮಾತು: ನೆರಳುಗಳು ನಿಮ್ಮತ್ತ ಬೀಳುತ್ತಿದ್ದರೆ ಸೂರ್ಯ ಎದುರಿಗಿದ್ದಾನೆ ಎಂದರ್ಥ. ಬಿಲ್ಲು ಕಾಣುವುದು ಸೂರ್ಯ ಬೆನ್ನ ಹಿಂದಿದ್ದಾಗ. ಅಂಥ ಚಿತ್ರಕ್ಕೆ ಬಿಲ್ಲು ಯಾವ ಬ್ಲೆಂಡ್ ಮೋಡ್‌ನಲ್ಲಿಯೂ ಒಗ್ಗದು.

ಪ್ರಶ್ನೆ ಕೇಳಿದವರು:
ಹಾಗಾದರೆ ‘ತೆರೆಬೆರಕೆ’ ಎನ್ನಲೇ? ಓದುಗರು ಮೆನುವಿನಲ್ಲಿ ಹುಡುಕುವುದು Screen ಎಂಬ ಹೆಸರನ್ನೇ ಆದ್ದರಿಂದ ಅದನ್ನೂ ಪಕ್ಕದಲ್ಲಿ ಇಡುತ್ತೇನೆ.

ಉತ್ತರ 1:
‘ತೆರೆ’ ಎಂದರೆ ಅಲೆಯೂ ಹೌದು, ಬಾಗಿಲು ತೆರೆಯುವುದೂ ಹೌದು. ನನ್ನ ಮತ ಈಗಲೂ ‘ಕೂಡಿಕೆ’ಗೇ. Linear Dodgeಗೆ ಬೇರೆ ಹೆಸರು ಹುಡುಕಿಕೊಳ್ಳಿ.