ಪದಚರ್ಚೆ: ‘ಮಲಿಗ್ನೆಂಟ್’ ಅಂದರೆ ಕ್ಯಾನ್ಸರೇ? ಕಿವಿಯ ಒಂದು ಕಾಯಿಲೆಗೆ ಕನ್ನಡದ ಹೆಸರು ಬೇಕು

ಹಾವೇರಿಯಿಂದ, ಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಒಂದು ಪದದಿಂದಾಗಿ ನಮ್ಮ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಪ್ಪನಿಗೆ 72 ವರ್ಷ. 18 ವರ್ಷದಿಂದ ಸಕ್ಕರೆ ಕಾಯಿಲೆ. ಕಿವಿ ಕಡಿಯುತ್ತದೆ ಅಂತ ಬೆಂಕಿಕಡ್ಡಿ ಹಾಕಿ ಕೆರೆದುಕೊಂಡಿದ್ದರು. ಎರಡು ದಿನಕ್ಕೆ ನೋವು ಶುರುವಾಯಿತು, ಸ್ವಲ್ಪ ಸೋರಿತು. ಹತ್ತಿರದ ಡಾಕ್ಟರು ಕೊಟ್ಟ ಡ್ರಾಪ್ಸ್ ಮೂರು ವಾರ ಹಾಕಿದೆವು. ಸೋರುವುದು ಕಡಿಮೆಯಾಯಿತು, ನೋವು ಮಾತ್ರ ಜಾಸ್ತಿಯಾಯಿತು. ರಾತ್ರಿ ಎದ್ದು ಕೂತು ಅಂಗೈಯಿಂದ ಕಿವಿ ಒತ್ತಿ ಹಿಡಿಯುತ್ತಿದ್ದರು. ರೊಟ್ಟಿ ಅಗಿಯಲು ಆಗದೆ ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಒಂದು ಬೆಳಿಗ್ಗೆ ಕುಡಿದ ಚಹಾ ಬಾಯಿಯ ಮೂಲೆಯಿಂದ ಅಂಗಿಯ ಮೇಲೆ ಇಳಿಯಿತು. ನೋಡಿದರೆ ಬಾಯಿ ವಾರೆಯಾಗಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. ಲಕ್ವ ಹೊಡೆಯಿತು ಅಂತಲೇ ದೊಡ್ಡ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಸ್ಕ್ಯಾನ್ ಮಾಡಿ ‘ಮಲಿಗ್ನೆಂಟ್ ಒಟೈಟಿಸ್ ಎಕ್ಸ್‌ಟರ್ನಾ’ ಅಂತ ಬರೆದುಕೊಟ್ಟರು. ಕಿವಿಯೊಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆಗೂ ಕಳಿಸಿದರು. ಚಿಕ್ಕಪ್ಪ ಆ ಚೀಟಿ ಓದಿ ಕ್ಯಾನ್ಸರ್ ಅಂದುಬಿಟ್ಟರು. ಡಾಕ್ಟರು ಅಲ್ಲ ಅಂದರೂ ಅಪ್ಪ ನಂಬುತ್ತಿಲ್ಲ. “ನನ್ನ ಮುಂದ ಮುಚ್ಚಿಡಾಕತ್ತಾರ” ಅನ್ನುತ್ತಾರೆ. ಅಪ್ಪನಿಗೆ ಒಂದೇ ಮಾತಿನಲ್ಲಿ ತಿಳಿಯುವ ಹಾಗೆ ಇದಕ್ಕೆ ಏನು ಹೆಸರು ಹೇಳಲಿ?

ಮೈಸೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ನಿಮ್ಮ ತಂದೆಯವರು ಬೇಗ ಗುಣವಾಗಲಿ. ‘ಮಲಿಗ್ನೆಂಟ್’ ಲ್ಯಾಟಿನ್ ಮೂಲದ್ದು. ಕೆಟ್ಟ ಸ್ವಭಾವದ್ದು, ಕೇಡು ಬಗೆಯುವಂಥದ್ದು ಅಂತ ಅರ್ಥ. ಕ್ಯಾನ್ಸರ್ ಎಂಬ ಅರ್ಥ ಅದರಲ್ಲಿ ಹುಟ್ಟಿನಿಂದ ಇಲ್ಲ. ತೀರಾ ಏರಿದ ರಕ್ತದೊತ್ತಡಕ್ಕೂ ಮಲಿಗ್ನೆಂಟ್ ಅಂದಿದ್ದುಂಟು. ಕನ್ನಡದಲ್ಲಿ ‘ಮಾರಕ’ ಬಳಕೆಯಲ್ಲಿದೆ. ಕಿವಿ ತಮಟೆ ತೂತಾಗಿ ಕೀವು ಬರುವುದಕ್ಕೆ ನಾವು ಕಿವಿಸೋರು ಅನ್ನುತ್ತೇವಲ್ಲ, ಹಾಗಾಗಿ ‘ಮಾರಕ ಕಿವಿಸೋರು’ ಸರಿಹೋಗುತ್ತದೆ.

ಕಲಬುರಗಿಯಿಂದ, ಕಿವಿ ಮೂಗು ಗಂಟಲು ವೈದ್ಯೆ

ಮೇಷ್ಟ್ರು ‘ಮಲಿಗ್ನೆಂಟ್’ ಬಗ್ಗೆ ಹೇಳಿದ್ದು ಸರಿ. ಆದರೆ ‘ಕಿವಿಸೋರು’ ಬೇಡ. ಅದು ತಮಟೆಯ ಆಚೆಗಿನ, ನಡುಗಿವಿಯ ಕಾಯಿಲೆ. ಇದು ತಮಟೆಯ ಈಚೆಗೆ, ಹೊರಗಿವಿಯ ನಾಳದಲ್ಲಿ ಶುರುವಾಗುವಂಥದ್ದು. ಇಂಥವರಲ್ಲಿ ತಮಟೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸೋರುವುದು ನಿಂತರೆ ಗುಣವಾಯಿತು ಅಂತ ಜನ ತಿಳಿಯುತ್ತಾರೆ. ನಿಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ?

ಮೊದಲು ಹೆಸರಿನ ಕಥೆ ಹೇಳುತ್ತೇನೆ. ಅಮೆರಿಕದ ಚಾಂಡ್ಲರ್ ಎಂಬ ವೈದ್ಯರು 1968ರಲ್ಲಿ ಇಂಥ 13 ರೋಗಿಗಳ ವಿವರ ಬರೆದು ಈ ಹೆಸರಿಟ್ಟರು. ಆಗ ಸುಮಾರು ಅರ್ಧ ಜನ ಉಳಿಯಲಿಲ್ಲ. ಹೆಸರು ಆ ಭಯದಿಂದ ಬಂದದ್ದು, ಗೆಡ್ಡೆಯಿಂದ ಅಲ್ಲ. ಈಗ ಪರಿಸ್ಥಿತಿ ಎಷ್ಟೋ ಮೇಲು. ಹೆಸರು ಮಾತ್ರ ಹಳೆಯದೇ ಉಳಿದುಕೊಂಡಿದೆ.

ಸಾದಾ ಕಿವಿನಂಜು ಹೀಗೇಕಾಗುತ್ತದೆ ಅಂದರೆ, ಕಿವಿಯ ಮೇಲ್ಭಾಗ ಮಡಚಿದರೆ ಬಾಗುತ್ತದಲ್ಲ, ನಾಳದ ಹೊರಭಾಗವೂ ಅಂಥದ್ದೇ ಮೆತ್ತನೆಯ ಮೃದ್ವಸ್ಥಿ. ಒಳಭಾಗ ಗಟ್ಟಿ ಎಲುಬು. ಆ ಮೃದ್ವಸ್ಥಿಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿವೆ. ಕಡ್ಡಿ ಗೀರಿದ ಚರ್ಮದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಒದ್ದೆ ಜಾಗ ಅದಕ್ಕೆ ಇಷ್ಟ. ಗಟ್ಟಿಮುಟ್ಟಾದವರಲ್ಲಿ ಅದು ಚರ್ಮದಲ್ಲೇ ನಿಲ್ಲುತ್ತದೆ. ತುಂಬ ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ರಕ್ತನಾಳಗಳು ಕೆಟ್ಟಿರುತ್ತವೆ, ಬಿಳಿರಕ್ತಕಣಗಳೂ ಸೋತಿರುತ್ತವೆ. ನಂಜು ಆ ಸೀಳುಗಳಿಂದ ಇಳಿದು ತಲೆಬುರುಡೆಯ ತಳದ ಎಲುಬು ಹಿಡಿಯುತ್ತದೆ. ಮುಖ ಆಡಿಸುವ ನರ ಕಿವಿಯ ಕೆಳಗೇ ಒಂದು ತೂತಿನಿಂದ ಹೊರಬರುತ್ತದೆ. ದಾರಿಯಲ್ಲಿ ಮೊದಲು ಸಿಗುವ ನರ ಅದೇ. ನಿಮ್ಮ ತಂದೆಯ ಬಾಯಿ ವಾರೆಯಾದದ್ದು ಅದರಿಂದ. ಇನ್ನೂ ಮುಂದೆ ಹೋದರೆ ನುಂಗುವ, ಮಾತಾಡುವ ನರಗಳಿಗೂ ತಗಲುತ್ತದೆ.

ಡ್ರಾಪ್ಸ್ ಎಲುಬಿನವರೆಗೆ ಹೋಗುವುದಿಲ್ಲ. ಕಿವಿ ನೋಡಿದರೆ ಅಷ್ಟೇನೂ ಇಲ್ಲ, ನೋವು ಮಾತ್ರ ನಿದ್ದೆಗೆಡಿಸುತ್ತದೆ. ಅಗಿಯುವಾಗ ನೋವು, ನಾಳದ ತಳದಲ್ಲಿ ಕೆಂಪಗೆ ಬೆಳೆದ ಹಸಿಮಾಂಸ. ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಇವು ಕಂಡರೆ ನಾನು ಮುಖ ವಾಲುವವರೆಗೆ ಕಾಯುವುದಿಲ್ಲ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತಿಳಿಸುವ ಇ.ಎಸ್.ಆರ್. ಎಂಬ ರಕ್ತಪರೀಕ್ಷೆ ನೋಡುತ್ತೇನೆ, ಸ್ಕ್ಯಾನ್ ಬರೆಯುತ್ತೇನೆ.

ಶಿವಮೊಗ್ಗದಿಂದ, ಗೃಹಿಣಿ

ಓದಿ ಕೈಕಾಲು ನಡುಗಿತು. ನನ್ನ ಮಗಳಿಗೆ 11 ವರ್ಷ. ಈಜು ಕಲಿಯಲು ಹೋದ ಮೇಲೆ ಕಿವಿನೋವು. ಕಿವಿ ಮುಟ್ಟಿದರೆ ಕಿರುಚುತ್ತಾಳೆ. ಇದೂ ಅದೇನಾ? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದೇನೆ.

ಕಲಬುರಗಿಯಿಂದ, ವೈದ್ಯೆ

ಹೆದರಬೇಡಿ. ಸಕ್ಕರೆ ಕಾಯಿಲೆ ಇಲ್ಲದ ಮಗುವಿಗೆ ಈಜಿದ ಮೇಲೆ ಹೀಗಾದರೆ ಅದು ಸಾಮಾನ್ಯವಾಗಿ ಚರ್ಮದ ನಂಜು. ಡ್ರಾಪ್ಸ್‌ಗೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಎಣ್ಣೆ ನಿಲ್ಲಿಸಿ, ಕಿವಿ ಒಣಗಿರಲಿ, ಒಮ್ಮೆ ತೋರಿಸಿ.

ಉಡುಪಿಯಿಂದ, ಅನುವಾದಕ

ಈಗಿನ ವೈದ್ಯರು ‘ನೆಕ್ರೊಟೈಸಿಂಗ್’ ಅನ್ನುತ್ತಾರಲ್ಲ, ಹಾಗಾದರೆ ‘ಕೊಳೆಸುವ ಹೊರಗಿವಿ ನಂಜು’ ಆಗಬಹುದೇ? ‘ಮಾರಕ’ ಎಂದರೆ ಕೇಳಿದವರಿಗೆ ಸಾವೇ ಕಾಣುತ್ತದೆ.

ಕಲಬುರಗಿಯಿಂದ, ವೈದ್ಯೆ

‘ಮಾರಕ’ ಬೇಡ ಅನ್ನುವುದನ್ನು ಒಪ್ಪುತ್ತೇನೆ. ‘ಕೊಳೆಸುವ’ ಇನ್ನೂ ಕಷ್ಟ. ಸಕ್ಕರೆ ಕಾಯಿಲೆಯವರಿಗೆ ಕೊಳೆತಿದೆ ಅಂದರೆ ಕಾಲು ಕತ್ತರಿಸಿದ ಪಕ್ಕದ ಮನೆಯವರ ನೆನಪಾಗುತ್ತದೆ. ನನ್ನ ರೋಗಿಗಳಿಗೆ ನಾನು ಹೇಳುವುದು ‘ಎಲುಬಿಗೆ ಇಳಿದ ಕಿವಿನಂಜು’.

ಮೈಸೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ

ಕಿವಿಸೋರು ವಾಪಸ್ ತೆಗೆದುಕೊಂಡೆ. ನಮ್ಮ ಕಡೆ ‘ಮೂಳೆಗಿಳಿದ’ ಅನ್ನಬೇಕಾಗುತ್ತದೆ. ಆದರೆ ಒಂದು ತೊಡಕಿದೆ. ನಂಜು ಇನ್ನೂ ಎಲುಬು ಮುಟ್ಟದ ರೋಗಿಗೆ ಈ ಹೆಸರು ಹೇಗೆ ಒಪ್ಪುತ್ತದೆ? ‘ಇಳಿಯುವ’ ಅನ್ನಬೇಕೇ, ‘ಇಳಿದ’ ಅನ್ನಬೇಕೇ?

ಹಾವೇರಿಯಿಂದ, ಶಿಕ್ಷಕಿ

ನಿನ್ನೆ ಅಪ್ಪನ ಹತ್ತಿರ ಕೂತು ‘ಎಲುಬಿಗೆ ಇಳಿದ ನಂಜು’ ಅಂತಲೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, “ಹಂಗಾದ್ರ ಮಾಂಸ ಯಾಕ ತಗದ್ರು?” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಸಿಪ್ರೊಫ್ಲಾಕ್ಸಸಿನ್ 750 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಎಂಟು ವಾರ ಅಂದಿದ್ದಾರೆ. ನೋವು ಈಗಲೇ ಕಡಿಮೆ. ಇಷ್ಟು ದಿನ ಬೇಕಾ?

ಕಲಬುರಗಿಯಿಂದ, ವೈದ್ಯೆ

ಕಿವಿನಾಳದ ಕ್ಯಾನ್ಸರ್ ಕೂಡ ನೋಡಲು ಥೇಟ್ ಹೀಗೇ ಇರಬಹುದು. ಅದು ಅಲ್ಲ ಅಂತ ಖಚಿತ ಮಾಡಿಕೊಳ್ಳಲು ಮಾಂಸ ತೆಗೆಯುತ್ತೇವೆ. ಇದನ್ನು ಅಪ್ಪನಿಗೆ ಮುಚ್ಚಿಡದೆ ಹೇಳಿ. ಕೆಲವೊಮ್ಮೆ ಬೂಷ್ಟಿನಿಂದಲೂ ಈ ಕಾಯಿಲೆ ಬರುತ್ತದೆ. ಆ ಚೂರಿನಲ್ಲಿ ಅದೂ ತಿಳಿಯುತ್ತದೆ, ಆಗ ಔಷಧಿಯೇ ಬೇರೆ.

ಎಂಟು ವಾರ ಬೇಕೇ ಬೇಕು. ನೋವು ಮೊದಲು ಹೋಗುತ್ತದೆ, ಎಲುಬಿನ ನಂಜು ಆಮೇಲೆ. ನಡುವೆ ಬಿಟ್ಟವರಲ್ಲಿ ಮರುಕಳಿಸಿದ್ದನ್ನು ನೋಡಿದ್ದೇನೆ. ಮಾತ್ರೆಯನ್ನು ಹಾಲಿನ ಜೊತೆ ಕೊಡಬೇಡಿ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಕ್ಕರೆ ಮಾತ್ರೆಯ ಜೊತೆ ಸೇರಿ ಸಕ್ಕರೆ ದಿಢೀರ್ ಇಳಿಯಲೂಬಹುದು. ಬೆವರು, ನಡುಕ ಕಂಡರೆ ತಕ್ಷಣ ಸಕ್ಕರೆ ಕೊಟ್ಟು ಡಾಕ್ಟರಿಗೆ ಫೋನ್ ಮಾಡಿ. ಮುಖದ ವಾರೆ ಎಷ್ಟು ಸರಿಹೋಗುತ್ತದೆ ಅಂತ ಈಗಲೇ ಹೇಳಲಾಗದು. ಮುಚ್ಚದ ಕಣ್ಣು ಒಣಗದಂತೆ ಡ್ರಾಪ್ಸ್ ಹಾಕಿ, ರಾತ್ರಿ ಮುಚ್ಚಿ ಪಟ್ಟಿ ಹಾಕಿ.

ಹಾವೇರಿಯಿಂದ, ಶಿಕ್ಷಕಿ

ಚೂರಿನ ವರದಿ ಬಂತು. ಕ್ಯಾನ್ಸರ್ ಇಲ್ಲ. ಅಪ್ಪ ಅದನ್ನು ಚಿಕ್ಕಪ್ಪನ ಕೈಗೇ ಕೊಟ್ಟು ಓದಿಸಿದರು. ಮಾತ್ರೆಗಳ ಲೆಕ್ಕವನ್ನು ಅವರೇ ಕ್ಯಾಲೆಂಡರ್ ಮೇಲೆ ಗೀಟು ಹಾಕಿ ಇಡುತ್ತಿದ್ದಾರೆ. ಇವತ್ತಿಗೆ 11 ಗೀಟು.