ಎಂಟನೇ ದಿನ ಉಪ್ಪಿನಕಾಯಿ ‘ಬುಸ್’ ಅಂತು, ಸೂಟ್‌ಕೇಸಿಗೆ ಹಾಕಬಹುದಾ?

ಪ್ರಶ್ನೆ: ಮಗಳ ಮನೆಗೆ ವಿದೇಶಕ್ಕೆ ಹೊರಟಿದ್ದೇನೆ. ಈ ಬಾಗಿಲಿಂದ ಆ ಬಾಗಿಲಿಗೆ 34 ಗಂಟೆ. ಒಂದು ಕೆಜಿ ಮಾವಿನಕಾಯಿ ಹೋಳಿಗೆ 100 ಗ್ರಾಂ ಉಪ್ಪು, 150 ಗ್ರಾಂ ಖಾರ-ಸಾಸಿವೆ ಪುಡಿ, ಕಾಲು ಲೀಟರ್ ಎಳ್ಳೆಣ್ಣೆ ಹಾಕಿದ್ದೇನೆ. ಉಪ್ಪು ಜಾಸ್ತಿ ಬೇಡ ಅಂತ ಬೇಕೆಂದೇ ತಗ್ಗಿಸಿದೆ. ಎಂಟನೇ ದಿನ ಮುಚ್ಚಳ ತೆಗೆದರೆ ಬುಸ್ ಅಂತು, ಅಂಚಲ್ಲಿ ಗುಳ್ಳೆ ಇತ್ತು. ಬೂಷ್ಟು ಇಲ್ಲ. ಇದರ ಜೊತೆ ಬೆಳ್ಳುಳ್ಳಿ ಉಪ್ಪಿನಕಾಯಿ, ರವೆ ಉಂಡೆ, ಚಕ್ಕುಲಿ ಇವೆ. ಹೊರಡಲು ಇನ್ನೂ ಮೂರು ವಾರ ಇದೆ. ಯಾವುದು ಎಷ್ಟು ದಿನ ಚೆನ್ನಾಗಿರುತ್ತದೆ?

ಒಬ್ಬ ಹಿರಿಯರು: ಎಣ್ಣೆ ಕಡಿಮೆ ಆಗಿದೆಯಮ್ಮ. ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸಿಬಿಡಿ, ಒಂದು ವರ್ಷ ಏನೂ ಆಗಲ್ಲ. ನಮ್ಮಮ್ಮ ಹಾಗೇ ಮಾಡುತ್ತಿದ್ದರು.

ಉಪ್ಪಿನಕಾಯಿ ಘಟಕದಲ್ಲಿ ಗುಣಮಟ್ಟ ನೋಡುವವರು: ಹಿರಿಯರು ಹೇಳಿದ್ದು ಅರ್ಧ ನಿಜ. ಎಣ್ಣೆ ಗಾಳಿಯನ್ನು ತಡೆಯುತ್ತದೆ. ಗಾಳಿ ಇಲ್ಲದಿದ್ದರೆ ಬೂಷ್ಟು ಬೆಳೆಯಲ್ಲ. ಆದರೆ ನಿಮ್ಮ ಡಬ್ಬಿಯಲ್ಲಿ ಗುಳ್ಳೆ ಎಬ್ಬಿಸುತ್ತಿರುವ ಜೀವಿಗಳಿಗೆ ಗಾಳಿಯೇ ಬೇಡ. ಎಣ್ಣೆಯ ಕೆಳಗೆ ಹಾಯಾಗಿ ಇರುತ್ತವೆ. ಅವುಗಳನ್ನು ಹಿಡಿದಿಡುವುದು ಉಪ್ಪು ಮತ್ತು ಹುಳಿ. ನಿಮ್ಮ ಅಮ್ಮನ ಕಾಲದಲ್ಲಿ ಕೈತುಂಬ ಉಪ್ಪು ಹಾಕುತ್ತಿದ್ದರು ಸರ್, ಹೆಸರು ಮಾತ್ರ ಎಣ್ಣೆಗೆ ಬಂತು.

ಮೇಡಂ, ನಿಮ್ಮದೇ ಲೆಕ್ಕ ಹಾಕೋಣ. ಎಲ್ಲ ಸೇರಿ ಸುಮಾರು 1,480 ಗ್ರಾಂ. ಅದರಲ್ಲಿ ಉಪ್ಪು 100 ಗ್ರಾಂ, ಅಂದರೆ ನೂರಕ್ಕೆ ಏಳು ಕೂಡ ಇಲ್ಲ. ಹೊರಗಿಡುವ ಉಪ್ಪಿನಕಾಯಿಗೆ ನೂರಕ್ಕೆ ಹನ್ನೆರಡಕ್ಕಿಂತ ಕೆಳಗೆ ನಾನು ಇಳಿಯಲ್ಲ. ಇನ್ನೂ 90 ಗ್ರಾಂ ಬೇಕು. ಉಪ್ಪನ್ನು ಒಣ ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿಸಿ, ಒಣ ಸೌಟಿನಲ್ಲಿ ತಳದವರೆಗೆ ಕಲಸಿ. ಮುಚ್ಚಳ ಬಿಗಿ ಮಾಡಬೇಡಿ. ಬಟ್ಟೆ ಕಟ್ಟಿಡಿ, ದಿನಾ ಒಮ್ಮೆ ತಿರುವಿ. ಗುಳ್ಳೆ ಪೂರ್ತಿ ನಿಂತು ಒಂದು ವಾರ ಸುಮ್ಮನಿದ್ದರೆ ಕಟ್ಟಬಹುದು. ಮೂರು ವಾರ ಇದೆಯಲ್ಲ, ಸಾಕು. ಈ ನಡುವೆ ಹೆಂಡದಂಥ ವಾಸನೆ ಬಂದರೆ ಅಥವಾ ಹೋಳು ಲೋಳೆಯಾದರೆ ಮಾತ್ರ ಆಸೆ ಬಿಡಿ.

ಉಪ್ಪಾಯಿತು ಅನ್ನಿಸಿದರೆ ಊಟದಲ್ಲಿ ಕಡಿಮೆ ಬಡಿಸಿಕೊಳ್ಳಿ. ಡಬ್ಬಿಯಲ್ಲಿ ಕಡಿಮೆ ಮಾಡಿದರೆ ಅದನ್ನು ಫ್ರಿಜ್ಜಿನಲ್ಲೇ ಇಡಬೇಕು.

ಇನ್ನೊಬ್ಬರು: ನಾನು ಹೋದ ಸಲ ಹ್ಯಾಂಡ್ ಬ್ಯಾಗಲ್ಲಿ ಇಟ್ಟಿದ್ದೆ, ಕಿತ್ತುಕೊಂಡರು! ಉಪ್ಪಿನಕಾಯಿಯನ್ನೂ ದ್ರವ ಅಂತಾರೆ. ಮೇಡಂ, ಕೈಯಲ್ಲಿ ಒಯ್ಯಬೇಡಿ.

ಪ್ರಶ್ನೆ ಕೇಳಿದವರು: ನಾನು ಸೂಟ್‌ಕೇಸ್ ಅಂತಲೇ ಕೇಳಿದ್ದು ಕಣ್ರೀ. ಅಲ್ಲೂ ಸೋರಲ್ವಾ? ಅದೇ ಹೆದರಿಕೆ.

ಗುಣಮಟ್ಟ ನೋಡುವವರು: ಸೋರುವುದಕ್ಕೆ ಕಾರಣ ಅಲುಗಾಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಜಾಸ್ತಿ ಪಾಲು ಡಬ್ಬಿಯೊಳಗಿನ ಗಾಳಿಯದು. ಹಾರುವಾಗ ವಿಮಾನದೊಳಗೆ ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ಕಡಿಮೆ ಒತ್ತಡ. ಕೆಳಗೆ ಮುಚ್ಚಿದ ಗಾಳಿ ಅಲ್ಲಿ ಕಾಲು ಭಾಗದಷ್ಟು ಹಿಗ್ಗುತ್ತದೆ. ಡಬ್ಬಿ ಮಲಗಿದ್ದರೆ ಆ ಗಾಳಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತದೆ. ಹೊಸದಾಗಿ ಹುದುಗುತ್ತಿರುವ ಉಪ್ಪಿನಕಾಯಿಯ ಗ್ಯಾಸ್ ಅದಕ್ಕೆ ಸೇರಿದರೆ ಕೇಳೋದೇ ಬೇಡ, ಸೀರೆಗಳೆಲ್ಲ ಒಗ್ಗರಣೆ.

ಅದಕ್ಕೆ ಎಣ್ಣೆಯನ್ನೇ ಒಯ್ಯಬೇಡಿ. ಹೊರಡುವ ಹಿಂದಿನ ದಿನ ಮೇಲೆ ನಿಂತ ಎಣ್ಣೆ ಬಗ್ಗಿಸಿ ತೆಗೆದಿಡಿ. ಹೋಳು, ದಪ್ಪ ಮಸಾಲೆ ಮಾತ್ರ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ. ಗಾಳಿ ಒತ್ತಿ ತೆಗೆದು ಶಾಖದಲ್ಲಿ ಬೆಸೆಯಿರಿ. ಅದನ್ನು ಇನ್ನೊಂದು ಚೀಲದಲ್ಲಿಟ್ಟು, ಅದನ್ನು ಗಟ್ಟಿ ಡಬ್ಬಿಯಲ್ಲಿಡಿ. ಎರಡು-ಮೂರು ದಿನ ಎಣ್ಣೆ ಇಲ್ಲದಿದ್ದರೂ ಉಪ್ಪು ಸರಿಯಾಗಿದ್ದರೆ ಏನೂ ಆಗಲ್ಲ. ತಲುಪಿದ ಮೇಲೆ ಒಣ ಗಾಜಿನ ಬಾಟಲಿಗೆ ಹಾಕಿ. ಅಲ್ಲೇ ಸಿಗುವ ಎಣ್ಣೆ ಕಾಯಿಸಿ, ಆರಿಸಿ, ಹೋಳು ಮುಳುಗಿ ಮೇಲೆ ಒಂದು ಸೆಂಟಿಮೀಟರ್ ನಿಲ್ಲುವಂತೆ ಸುರಿಯಿರಿ. ಆಮೇಲೆ ಹಿರಿಯರು ಹೇಳಿದ ಒಂದು ವರ್ಷಕ್ಕೆ ನನ್ನ ತಕರಾರಿಲ್ಲ.

ಬೆಳ್ಳುಳ್ಳಿ ವಿಷಯ ಬೇರೆ. ಹುಳಿ ಎಷ್ಟು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು: ಅರ್ಧ ಕೆಜಿಗೆ ಎರಡು ನಿಂಬೆಹಣ್ಣು. ಎಣ್ಣೆಯಲ್ಲಿ ಮುಳುಗಿಸಿದ್ದೇನೆ. ವಾಸನೆ ಚೆನ್ನಾಗಿದೆ.

ಗುಣಮಟ್ಟ ನೋಡುವವರು: ಅದನ್ನು ಬಿಟ್ಟು ಹೋಗಿ. ಮಾವಿನಕಾಯಿಗೆ ತನ್ನದೇ ಹುಳಿ ಇದೆ, ಕೆಟ್ಟರೆ ಬೂಷ್ಟು, ಗುಳ್ಳೆ ಅಂತ ಹೇಳಿಕೊಂಡು ಕೆಡುತ್ತದೆ. ಬೆಳ್ಳುಳ್ಳಿಗೆ ಹುಳಿ ಇಲ್ಲ. ಗಾಳಿಯಿಲ್ಲದ ಎಣ್ಣೆಯಲ್ಲಿ, ಬೆಚ್ಚಗಿನ ಜಾಗದಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ಅದಕ್ಕೆ ಬಣ್ಣ, ವಾಸನೆ ಏನೂ ಬದಲಾಗಬೇಕೆಂದಿಲ್ಲ. ಘಟಕದಲ್ಲಿ ನಾವು ಪಿಎಚ್ ಅಳೆದು 4.6ಕ್ಕಿಂತ ಸಾಕಷ್ಟು ಕೆಳಗಿದೆ ಅಂತ ಖಚಿತ ಮಾಡಿಕೊಂಡೇ ತುಂಬುತ್ತೇವೆ. ಎರಡು ನಿಂಬೆಹಣ್ಣಿನ ಮೇಲೆ ನಾನು ಭರವಸೆ ಇಡಲಾರೆ.

ಮತ್ತೊಬ್ಬರು: ಉಂಡೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಸೂಟ್‌ಕೇಸ್ ಒಮ್ಮೆ ಐದು ದಿನ ತಡವಾಗಿ ಬಂತು. ರವೆ ಉಂಡೆ ಮುರಿದರೆ ಒಳಗೆ ನೂಲು ನೂಲು. ಪಕ್ಕದಲ್ಲೇ ಇದ್ದ ಕಡಲೆಹಿಟ್ಟಿನ ಉಂಡೆ ಹೊಸದರ ಹಾಗಿತ್ತು. ಯಾಕೋ ಗೊತ್ತಿಲ್ಲ.

ಗುಣಮಟ್ಟ ನೋಡುವವರು: ರವೆ ಉಂಡೆ ಕಟ್ಟುವಾಗ ಹಾಲು ಚಿಮುಕಿಸಿದ್ದಿರಾ? ಹಸಿ ತೆಂಗಿನತುರಿ?

ಮತ್ತೊಬ್ಬರು: ಎರಡೂ.

ಗುಣಮಟ್ಟ ನೋಡುವವರು: ಅದೇ. ಹಾಲು ಹಾಕಿದ್ದಕ್ಕೆ ಹೊರಗೆ ಮೂರು-ನಾಲ್ಕು ದಿನ, ಹಸಿ ತುರಿ ಸೇರಿದರೆ ಎರಡು ದಿನವೇ ಹೆಚ್ಚು. ಬರೀ ಬಿಸಿ ತುಪ್ಪದಲ್ಲಿ ಕಟ್ಟಿದರೆ ಎರಡು-ಮೂರು ವಾರ ನಿಶ್ಚಿಂತೆ. ಸ್ವಲ್ಪ ಪುಡಿಪುಡಿ ಆಗುತ್ತದೆ, ಆಗಲಿ ಬಿಡಿ. ಸೂಟ್‌ಕೇಸ್ ಕಳೆದುಹೋಗುವ ನಾಲ್ಕು ದಿನವನ್ನೂ ಲೆಕ್ಕಕ್ಕೆ ಹಿಡಿದು ಮಾಡಿ.

ಚಕ್ಕುಲಿ ಕೆಡುವುದಕ್ಕಿಂತ ಮೊದಲು ಮೆತ್ತಗಾಗುತ್ತದೆ. ಮುಟ್ಟಿದರೆ ತಣ್ಣಗಿದೆ ಅನ್ನಿಸಿದರೂ ಒಳಗೆ ಬಿಸಿ ಇರುತ್ತದೆ. ಮೂರು ಗಂಟೆ ಹರಡಿಡಿ. ಸ್ಟೀಲ್ ಡಬ್ಬಿಗೆ ಒಂದೇ ಒಂದು ಹಾಕಿ, ಹತ್ತು ನಿಮಿಷ ಬಿಟ್ಟು ಮುಚ್ಚಳದ ಒಳಗೆ ಬೆರಳಾಡಿಸಿ. ಪಸೆ ಸಿಕ್ಕರೆ ಇನ್ನೂ ಆರಬೇಕು. ಹೊಸ ಎಣ್ಣೆಯಲ್ಲಿ ಕರಿದರೆ ಒಂದು ತಿಂಗಳು ಸರಿ, ಆಮೇಲೆ ಕಮಟು ಶುರು. ಹಳೇ ಎಣ್ಣೆಯಾದರೆ ಹತ್ತೇ ದಿನಕ್ಕೆ ಮೂಗಿಗೆ ಗೊತ್ತಾಗುತ್ತದೆ.

ಹಿರಿಯರು: ಹಾಲಿನ ಪೇಡ ಫ್ರೀಜರಿನಲ್ಲಿ ಕಲ್ಲು ಮಾಡಿ ಒಯ್ದರೆ? ನಾನು ಹಾಗೇ ಒಯ್ದಿದ್ದೇನೆ.

ಗುಣಮಟ್ಟ ನೋಡುವವರು: 34 ಗಂಟೆಗೆ ನಾನು ಒಪ್ಪಲ್ಲ ಸರ್. ಅರ್ಧ ದಿನದಲ್ಲಿ ಕರಗುತ್ತದೆ, ಆಮೇಲೆ ಬೆವರುತ್ತದೆ. ಅದೂ ಅಲ್ಲದೆ ಮನೆಯ ಹಾಲಿನ ಸಿಹಿಯನ್ನು ಕೆಲವು ದೇಶಗಳು ಒಳಗೇ ಬಿಡಲ್ಲ. ಹೋಗುವ ದೇಶದ ಪಟ್ಟಿ ನೋಡಿ, ಫಾರಂನಲ್ಲಿ ತಿಂಡಿ ಇದೆ ಅಂತಲೇ ಬರೆಯಿರಿ. ಬರೆದರೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ ಬೀಳಬಹುದು.

ಹಿರಿಯರು: ಕರಗುವ ತನಕ ಚೀಲ ಬಿಚ್ಚದಿದ್ದರೆ ಬೆವರು ಹೊರಗೇ ನಿಲ್ಲುತ್ತದೆ. ನನ್ನದು ಚೆನ್ನಾಗಿಯೇ ಇತ್ತು.

ಗುಣಮಟ್ಟ ನೋಡುವವರು: ಬೆವರಿನ ಮಾತು ನೀವು ಹೇಳಿದ್ದೇ ಸರಿ. ಕರಗಿದ ಮೇಲಿನ ಇಪ್ಪತ್ತು ಗಂಟೆಯ ಬಗ್ಗೆ ನನ್ನ ಅನುಮಾನ ಹಾಗೇ ಇದೆ.

ಪ್ರಶ್ನೆ ಕೇಳಿದವರು: ಉಪ್ಪು ಕಲಸಿ ಆರು ದಿನ ಆಯಿತು. ನಿನ್ನೆ ಎರಡು ಗುಳ್ಳೆ, ಇವತ್ತು ಒಂದೂ ಇಲ್ಲ. ವಾರದ ಲೆಕ್ಕ ಇವತ್ತಿಂದ ತಾನೇ?

ಗುಣಮಟ್ಟ ನೋಡುವವರು: ಹೌದು, ಇವತ್ತೇ ಒಂದನೇ ದಿನ.